ಜಗಲಿ ಗೋಡೆಯ ನಕ್ಷೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)

ನಾನು 2005ರಲ್ಲಿ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಬಿಇ ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. "ಶಾಲೆಯ ನೆನಪುಗಳು" ಅಂತ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಒಂದೇ ಒಂದು ನೆನಪಿನ ಬಗ್ಗೆ ಮಾತಾಡುತ್ತೇನೆ, ಯಾಕೆಂದರೆ ಅದನ್ನು ಅಳಿಸಿದವನು ನಾನೇ.

ಆಫೀಸ್ ರೂಮಿನ ಪಕ್ಕದ ಜಗಲಿ ಗೋಡೆಯ ಮೇಲೆ ಇದ್ದ ಶಿವಮೊಗ್ಗ ಜಿಲ್ಲೆಯ ನಕ್ಷೆ ನಿಮಗೆಲ್ಲ ನೆನಪಿರಬೇಕು. 1989ರಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಮಕ್ಕಳನ್ನು ಕಟ್ಟಿಕೊಂಡು ಆಯಿಲ್ ಪೇಂಟಿನಲ್ಲಿ ಬರೆದದ್ದು. ಸಾಗರದ ಕಡೆ ಜೋಗದ ನಾಲ್ಕು ಗೆರೆ ನೀರು, ತೀರ್ಥಹಳ್ಳಿಯ ಹತ್ತಿರ ತುಂಗೆ, ಕೆಳಗೆ ಬಲಗಡೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಚಿಮಣಿ, ಅದರಿಂದ ಮೇಲಕ್ಕೆ ಹೋಗುವ ಹೊಗೆ. ನಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಯಾರಾದರೊಬ್ಬರು ಆ ಕಾರ್ಖಾನೆಯಲ್ಲೋ ಪೇಪರ್ ಮಿಲ್ಲಿನಲ್ಲೋ ಕೆಲಸಕ್ಕಿದ್ದರು. "ನಮ್ಮಪ್ಪ ಇಲ್ಲಿರೋದು" ಅಂತ ಚಿಮಣಿ ಮುಟ್ಟಿ ಮುಟ್ಟಿ ಅಲ್ಲಿನ ಬಣ್ಣ ಮಾಸಿ ಹೊಳೆಯುತ್ತಿತ್ತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮ ಬ್ಯಾಚಿನವರು ಹಣ ಕೂಡಿಸಿ ಶಾಲೆಗೆ ಬಣ್ಣ ಹೊಡೆಸಿದೆವು. ಗುತ್ತಿಗೆದಾರರ ಜೊತೆ ಮಾತಾಡಿದವನು ನಾನು, ಅದೂ ಬೆಂಗಳೂರಿನಿಂದ ಫೋನಿನಲ್ಲಿ. "ಎಲ್ಲಾ ಗೋಡೆ ಕ್ಲೀನಾಗಿ ಕೆರೆದು ಹೊಡೀರಿ" ಅಂದೆ. ಅವರು ಹೇಳಿದ್ದನ್ನೇ ಮಾಡಿದರು. ಮೊದಲು ಪಟ್ಟಿಯಿಂದ ಕೆರೆದರು, ಆಮೇಲೆ ಪ್ರೈಮರ್, ಎರಡು ಕೋಟು ಪುಟ್ಟಿ, ಉಜ್ಜಿ ಸಮ ಮಾಡಿ ಕೆನೆ ಬಣ್ಣ. ಬರೀ ಸುಣ್ಣ ಹೊಡೆದಿದ್ದರೆ ಸುಣ್ಣ ಉದುರಿಸಿ ಅಡಿಯ ಆಯಿಲ್ ಪೇಂಟನ್ನು ಸ್ವಲ್ಪವಾದರೂ ನೋಡಬಹುದಿತ್ತು. ಕೆರೆದ ಮೇಲೆ ಏನೂ ಉಳಿಯುವುದಿಲ್ಲ. ನಮ್ಮ ಕೆಲಸದಲ್ಲಿ ಹಳೆಯದನ್ನು ಅಳಿಸುವ ಮೊದಲು ಒಂದು ಪ್ರತಿ ಇಡದಿದ್ದರೆ ಬೈಸಿಕೊಳ್ಳುತ್ತೇವೆ. ದಿನಾ ಮಾಡುವ ಆ ಕೆಲಸ ನನ್ನ ಸ್ವಂತ ಶಾಲೆಯ ವಿಷಯದಲ್ಲಿ ಮರೆತುಹೋಯಿತು. ಒಂದು ಫೋಟೋ ಕೂಡ ತೆಗೆಸಲಿಲ್ಲ.

ಗೃಹಪ್ರವೇಶದ ಹಾಗೆ ಹೊಳೆಯುವ ಶಾಲೆಯ ಫೋಟೋ ಗ್ರೂಪಿಗೆ ಹಾಕಿದಾಗ ಎಲ್ಲರೂ ಚಪ್ಪಾಳೆ ಹಾಕಿದರು. ರಾತ್ರಿ ಹೊತ್ತಿಗೆ ಒಬ್ಬಳು ಕೇಳಿದಳು: "ನಕ್ಷೆ ಎಲ್ಲಿ?"

ಆವತ್ತಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ಆ ಗೋಡೆ ಯಾರದು? ಕಟ್ಟಡ ಸರ್ಕಾರದ್ದು. ನೋಡಿಕೊಳ್ಳುವುದು ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ. ಬಣ್ಣದ ದುಡ್ಡು ನಮ್ಮದು. ಚಿತ್ರ ಮೇಷ್ಟ್ರದ್ದು. ದಿನಾ ನೋಡಿದವರು ಊರಿನವರು. ಅಳಿಸುವ ಮುಂಚೆ ಇವರಲ್ಲಿ ಯಾರನ್ನು ಕೇಳಬೇಕಿತ್ತು?

ಇದೇ ಪ್ರಶ್ನೆ ದೆಹಲಿಯ ಹೈಕೋರ್ಟಿನ ಮುಂದೆ ಬಂದಿತ್ತು. ಅಮರನಾಥ ಸೆಹಗಲ್ ಎಂಬ ಶಿಲ್ಪಿ ದೆಹಲಿಯ ವಿಜ್ಞಾನ ಭವನದ ಗೋಡೆಗೆ ಸರ್ಕಾರಕ್ಕಾಗಿ ದೊಡ್ಡದೊಂದು ಕಂಚಿನ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. ಉದ್ದ 140 ಅಡಿ, ಎತ್ತರ 40 ಅಡಿ. 1979ರಲ್ಲಿ ಅವರಿಗೆ ಒಂದು ಮಾತೂ ಹೇಳದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಗೋಡೆ ಸರ್ಕಾರದ್ದು, ಶಿಲ್ಪಕ್ಕೆ ದುಡ್ಡು ಕೊಟ್ಟದ್ದೂ ಸರ್ಕಾರವೇ. ಆದರೂ 2005ರಲ್ಲಿ ನ್ಯಾಯಾಲಯ ಕಲಾವಿದರ ಪರ ನಿಂತಿತು. ಉಳಿದ ಚೂರುಗಳನ್ನು ಅವರಿಗೆ ವಾಪಸು ಕೊಡಬೇಕು, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿಯನ್ನು ಮಾರಿದ ಮೇಲೂ ಅದರ ಮರ್ಯಾದೆ ಕಾಯುವ ಹಕ್ಕನ್ನು ಮಾಡಿದವರಿಗೇ ಉಳಿಸುತ್ತದೆ.

ಹಾಗಂತ ಚಿತ್ರ ಇದ್ದ ಮಾತ್ರಕ್ಕೆ ಗೋಡೆಯನ್ನು ಮುಟ್ಟುವಂತೆಯೇ ಇಲ್ಲ ಅಂತಲ್ಲ. ದೆಹಲಿಯ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರಲ್ಲಿ ಪೂರ್ತಿ ಕೆಡವಿದಾಗ ಅದರ ವಾಸ್ತುಶಿಲ್ಪಿಯೂ ಕೋರ್ಟಿಗೆ ಹೋದರು. ಜಾಗದ ಒಡೆಯರು ಕಟ್ಟಡ ಕೆಡವುವುದನ್ನು ತಡೆಯಲು ಬರುವುದಿಲ್ಲ ಎಂದು 2019ರಲ್ಲಿ ತೀರ್ಪು ಬಂತು. ಅಂದರೆ ಗೋಡೆಗೆ ಒಬ್ಬ ಒಡೆಯ, ಚಿತ್ರಕ್ಕೆ ಇನ್ನೊಬ್ಬ ಒಡೆಯ. ಇಬ್ಬರೂ ಮೊದಲೇ ಕೂತು ಮಾತಾಡಿ ಬರೆದಿಟ್ಟುಕೊಳ್ಳದಿದ್ದರೆ ಕೊನೆಗೆ ಜಗಳವೇ.

ಕಾಯ್ದೆಯ ಮಾತು ಕೇಳಿ ಹೆದರಿಕೊಂಡೇ ನಾನು ಮೇಷ್ಟ್ರ ಮನೆಗೆ ಹೋದೆ. ಅವರಿಗೀಗ ವಯಸ್ಸಾಗಿದೆ. ಕಾಫಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದು ಮಾತು ಹೇಳಿದರು.

"ನೀನು ನೋಡಿದ್ದು ನಾನು 89ರಲ್ಲಿ ಬರೆದ ನಕ್ಷೆ ಅಲ್ಲ ಕಣಯ್ಯ. ಎರಡು ವರ್ಷಕ್ಕೊಂದ್ಸಲ ಒಂಬತ್ತನೇ ಕ್ಲಾಸಿನ ಹುಡುಗ್ರು ಹುಡುಗೀರ ಕೈಲಿ ಅದರ ಮೇಲೇ ಮತ್ತೆ ಬಣ್ಣ ತುಂಬಿಸ್ತಿದ್ದೆ. 97ರಲ್ಲಿ ದಾವಣಗೆರೆ ಜಿಲ್ಲೆ ಆಗಿ ಚನ್ನಗಿರಿ, ಹೊನ್ನಾಳಿ ಆ ಕಡೆ ಹೋದ್ವಲ್ಲ, ಅವನ್ನ ಅಳಿಸ್ಲಿಲ್ಲ. ಚುಕ್ಕಿ ಗೆರೆ ಹಾಕಿಸ್ದೆ. ನೀನು ಅಳಿಸಿದ್ದು ತಪ್ಪು. ಆದ್ರೆ ನಾನು ರಿಟೈರ್ ಆದ್ಮೇಲೆ ಒಬ್ರೂ ಅದಕ್ಕೆ ಕುಂಚ ಮುಟ್ಟಿಸ್ಲಿಲ್ಲ. ಅದೂ ತಪ್ಪೇ."

ಆ ಚುಕ್ಕಿ ಗೆರೆ ಯಾಕೆ ಇತ್ತು ಎಂದು ನನಗೆ ಗೊತ್ತಾದದ್ದು ಗೆರೆ ಹೋದ ಮೇಲೆ.

ಮೇಷ್ಟ್ರು ಹೇಳಿದ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರು ಇಲ್ಲಿದ್ದೀರಿ. ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ನೆನೆಸಿ ಅರೆದರೆ ಬಿಳಿ, ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕರಿ, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರೇ ಕುಂಚ. ಮನೆಯ ಹೆಂಗಸರು ಹಾಡು ಹೇಳಿಕೊಳ್ಳುತ್ತಾ ಒಂದೊಂದೇ ಎಳೆ ಎಳೆಯುತ್ತಾರೆ. ಮದುಮಕ್ಕಳು ಅದರ ಮುಂದೆ ಹಸೆಗೆ ಕೂರುತ್ತಾರೆ. ಕೆಲವು ಮಳೆಗಾಲ ಕಳೆದರೆ ಆ ಬಣ್ಣ ಮಂಕಾಗುತ್ತದೆ. ಇನ್ನೊಂದು ಮದುವೆಗೆ ಮತ್ತೆ ಕೆಮ್ಮಣ್ಣು, ಮತ್ತೆ ಚಿತ್ತಾರ. ಭೂಮಿ ಹುಣ್ಣಿಮೆಯ ಬುಟ್ಟಿಗೂ ವರ್ಷ ವರ್ಷ ಹಾಗೆಯೇ. ಅಲ್ಲಿ ಹಳೆಯ ಚಿತ್ರವನ್ನು ಯಾರೂ ಕಾಪಾಡುವುದಿಲ್ಲ. ಬರೆಯುವ ಕೈಯನ್ನು ಕಾಪಾಡುತ್ತಾರೆ. ಅಜ್ಜಿ ಬರೆಯುವಾಗ ಮೊಮ್ಮಗಳು ಬಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿರುತ್ತಾಳೆ.

ಈಗ ಅದೇ ಚಿತ್ತಾರ ಶಿವಮೊಗ್ಗ ನಗರದ ಕಾಂಪೌಂಡುಗಳ ಮೇಲೂ ಕಾಣುತ್ತದೆ. ನೋಡಲು ಚಂದವೇ. ಆದರೆ ಮನೆಯ ಗೋಡೆಗೆ ಮುಂದಿನ ಮದುವೆ ಇತ್ತು, ಬಳಿಯುವವರು ಇದ್ದರು. ರಸ್ತೆಯ ಗೋಡೆಗೆ ಮುಂದಿನ ಸಲ ಯಾರು ಬರುತ್ತಾರೆ ಎಂದು ಬರೆದಿರುವುದಿಲ್ಲ. ಮಲೆನಾಡಿನ ಮಳೆಗೆ ನೆಲದ ತೇವ ಗೋಡೆಯೊಳಗೆ ಏರಿ, ಕೆಳಗಿನ ಎರಡಡಿಯಲ್ಲಿ ಮೊದಲು ಬಿಳಿ ಉಪ್ಪು ಹುಡಿ ಏಳುತ್ತದೆ, ಆಮೇಲೆ ಬಣ್ಣ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಅದರ ಮೇಲೆ ಯಾರೋ ಪೋಸ್ಟರ್ ಅಂಟಿಸುತ್ತಾರೆ. ಅಲ್ಲಿಗೆ ಮುಗಿಯಿತು. ನಮ್ಮ ನಕ್ಷೆ ಅಷ್ಟು ವರ್ಷ ಬಾಳಿದ್ದಕ್ಕೆ ಎರಡು ಕಾರಣ: ಮೇಲೆ ಜಗಲಿಯ ಮಾಡು, ಹಿಂದೆ ಮೇಷ್ಟ್ರು.

ಕಳೆದ ಆರು ತಿಂಗಳಿಂದ ನಾವು ಕೆಲವರು ಆ ನಕ್ಷೆಯನ್ನು ಹುಡುಕುತ್ತಿದ್ದೇವೆ. ಪ್ರತಿ ವರ್ಷ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆಯುತ್ತಿದ್ದದ್ದು ಅದೇ ಗೋಡೆಯ ಮುಂದೆ. ಹನ್ನೊಂದು ಬ್ಯಾಚಿನ ಫೋಟೋಗಳು ಸಿಕ್ಕಿವೆ. ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಹೊಂದಿಸಿದೆ. ಮೇಲಿನ ಅರ್ಧ, ಅಂದರೆ ಸೊರಬ, ಶಿಕಾರಿಪುರ, ಹೊನ್ನಾಳಿ ಚೆನ್ನಾಗಿ ಕಾಣುತ್ತವೆ. ಚುಕ್ಕಿ ಗೆರೆಯೂ ಇದೆ. ಕೆಳಗಿನ ಅರ್ಧಕ್ಕೆ ಹಿಂದಿನ ಸಾಲಿನಲ್ಲಿ ನಿಂತ ಉದ್ದನೆಯ ಹುಡುಗರ ತಲೆ ಅಡ್ಡ. ತೀರ್ಥಹಳ್ಳಿ ಇಲ್ಲ. ಭದ್ರಾವತಿ ಇಲ್ಲ. ಚಿಮಣಿ ಯಾವ ಫೋಟೋದಲ್ಲೂ ಇಲ್ಲ. ತಲೆಗಳ ಮೇಲೆ ಹೊಗೆ ಮಾತ್ರ ಕಾಣುತ್ತದೆ.

ಚಿಮಣಿ ಎಷ್ಟಿದ್ದವು ಎಂದು ಎಲ್ಲರನ್ನೂ ಕೇಳಿದೆ. ಒಬ್ಬರು ಎರಡು ಅಂದರು, ಒಬ್ಬರು ಮೂರು. ನನ್ನ ಸೋದರಮಾವ ಪೇಪರ್ ಮಿಲ್ಲಿನಲ್ಲಿದ್ದವರು. 2015ರಲ್ಲಿ ಮಿಲ್ಲು ನಿಂತ ಮೇಲೆ ಕ್ವಾರ್ಟರ್ಸ್ ಬಿಟ್ಟು ಬಂದರು. ಅವರು, "ಒಂದು ಪೇಪರ್ ಮಿಲ್ಲಿಂದು, ಬರೆದುಕೋ" ಅಂದರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಸರಿಯಾಗಿ ನೂರನೇ ವರ್ಷ 2023ರಲ್ಲಿ ಹೊರಬಿದ್ದಾಗ, ಅಲ್ಲಿ ದುಡಿದ ಮನೆಗಳಿಗೆ ಹೇಗಾಗಿತ್ತು ಎಂದು ನಿಮಗೆ ಹೇಳಬೇಕಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ನಾನು ಇಲ್ಲಿ ಗೋಡೆಯ ಮೇಲಿನ ಚಿಮಣಿ ಕೆರೆಸಿದೆ.

ಈ ವರ್ಷ ಸುವರ್ಣ ಮಹೋತ್ಸವದ ಗುರುತಾಗಿ ನಗರದಿಂದ ಕಲಾವಿದರನ್ನು ಕರೆಸಿ ಕಾಂಪೌಂಡಿನ ತುಂಬ ದೊಡ್ಡ ಚಿತ್ರ ಬರೆಸೋಣ ಎಂಬ ಸಲಹೆ ಬಂದಿದೆ. ನಾನು ಬೇಡ ಅನ್ನುವುದಿಲ್ಲ. ನನ್ನ ಕೋರಿಕೆ ಇಷ್ಟೇ: ಮೊದಲು ಜಗಲಿಯ ಗೋಡೆ. ಆ ನಕ್ಷೆಯನ್ನು ಅದೇ ಜಾಗದಲ್ಲಿ ಮತ್ತೆ ಬರೆಯೋಣ. ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತು ಹೇಳಲು ಒಪ್ಪಿದ್ದಾರೆ, ಬರೆಯುವವರು ಈಗಿನ ಒಂಬತ್ತನೇ ಕ್ಲಾಸಿನವರು. ಅಂಚಿಗೆ ಚಿತ್ತಾರ ಬೇಕೆಂದರೆ ಸ್ಟೆನ್ಸಿಲ್ ತರುವುದು ಬೇಡ. ಅದನ್ನು ಬಲ್ಲ ತಾಯಂದಿರನ್ನು ಸಾಗರದ ಕಡೆಯಿಂದ ಕರೆಸಿ, ಕೂಲಿ ಕೊಟ್ಟು, ಅವರ ಹೆಸರನ್ನೂ ಗೋಡೆಯ ಮೇಲೆ ಬರೆಸೋಣ.

ಬಣ್ಣ ಮುಟ್ಟುವ ಮೊದಲು ಎಸ್‌ಡಿಎಂಸಿಯ ನಡಾವಳಿ ಪುಸ್ತಕದಲ್ಲಿ ಮೂರು ಮಾತು ಬರೆಸಬೇಕು. ಒಂದು, ಈ ಚಿತ್ರವನ್ನು ಯಾರು, ಯಾವ ವರ್ಷ ಬರೆದರು. ಎರಡು, ಪ್ರತಿ ಎರಡು ವರ್ಷಕ್ಕೆ, ಗೋಡೆ ಒಣಗಿರುವ ಜನವರಿಯಲ್ಲಿ, ಒಂಬತ್ತನೇ ಕ್ಲಾಸಿನವರು ಮತ್ತೆ ಬಣ್ಣ ತುಂಬುತ್ತಾರೆ. ಆ ಬಣ್ಣದ ಖರ್ಚು ನಮ್ಮ ಬ್ಯಾಚಿನದು. ಮೂರು, ಗೋಡೆ ಕೆಡವುವ ಅಥವಾ ಅಳಿಸುವ ಸಂದರ್ಭ ಬಂದರೆ ಬರೆದವರಿಗೆ ಮತ್ತು ಊರಿಗೆ ಮೊದಲು ತಿಳಿಸಬೇಕು, ಇಡೀ ಚಿತ್ರದ ಫೋಟೋ ತೆಗೆದಿಡಬೇಕು. ಮುಂದೆ ನನ್ನಂಥವನು ಫೋನಿನಲ್ಲಿ "ಎಲ್ಲಾ ಕೆರೆಯಿರಿ" ಅಂದಾಗ, ಆ ಪುಸ್ತಕ ತೆಗೆದು ತೋರಿಸಲು ಯಾರಿಗಾದರೂ ಧೈರ್ಯ ಬರಬೇಕು.

ಇನ್ನು ಚಿಮಣಿಯ ವಿಷಯ. ನಿಮ್ಮ ಮನೆಯ ಟ್ರಂಕಿನಲ್ಲಿ, ಗೋಡೆಯ ಫ್ರೇಮಿನಲ್ಲಿ ಆ ಜಗಲಿಯ ಫೋಟೋ ಇದ್ದರೆ ದಯವಿಟ್ಟು ಇವತ್ತು ಆಫೀಸ್ ರೂಮಿನಲ್ಲಿ ಕೊಡಿ. ನಾನು ಸ್ಕ್ಯಾನರ್ ತಂದಿದ್ದೇನೆ, ಸಂಜೆಯೊಳಗೆ ವಾಪಸು ಕೊಡುತ್ತೇನೆ. ಹಿಂದಿನ ಸಾಲಿನಲ್ಲಿ ಗಿಡ್ಡ ಹುಡುಗರು ನಿಂತಿದ್ದ ಬ್ಯಾಚು ಯಾವುದಾದರೂ ಇದ್ದರೆ, ನಿಮ್ಮನ್ನೇ ನಾನು ಹುಡುಕುತ್ತಿದ್ದೇನೆ.