ಮಾಡಿದವರು, ಮಾಡಿಸಿದವರು



ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಪುಟ ಇರುತ್ತದೆ. ಡಾಕ್ಟರು ರವಿಯ ಹಲ್ಲು ಕಿತ್ತರು ಎನ್ನುವ ವಾಕ್ಯ ಕೊಟ್ಟು, ರವಿಯಿಂದ ಶುರುಮಾಡಿ ‘ಹ್ಯಾವ್’ ಅಥವಾ ‘ಗೆಟ್’ ಬಳಸಿ ತಿರುಗಿಸಿ ಬರೆಯಿರಿ ಎನ್ನುತ್ತಾರೆ. ‘ರವಿ ಹ್ಯಾಡ್ ಹಿಸ್ ಟೂತ್ ಪುಲ್ಡ್ ಔಟ್’ ಎಂದು ಬರೆದರೆ ಅಂಕ ಸಿಗುತ್ತದೆ. ಇವತ್ತು ನಾನು ಮಾತಾಡುವುದು ಈ ಒಂದು ಪುಟದ ಬಗ್ಗೆ.

ಇನ್ನೊಬ್ಬರ ಕೈಲಿ ಕೆಲಸ ಮಾಡಿಸುವುದು ಕನ್ನಡದ ಮಗುವಿಗೆ ಹೊಸ ವಿಚಾರವಲ್ಲ. ಕೀಳು, ಕೀಳಿಸು, ಹೊಲಿ, ಹೊಲಿಸು, ಮಾಡು, ಮಾಡಿಸು. ಈ ‘ಇಸು’ ಪ್ರತ್ಯಯವನ್ನು ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಚರ್ಚಿಸಿದ್ದಾನೆ. ಮಕ್ಕಳು ಎಡವುವುದು ಬೇರೆ ಕಡೆ. ನಮ್ಮಲ್ಲಿ ಮಾಡಿಸಿದ ಸಂಗತಿ ಕ್ರಿಯಾಪದದ ಒಳಗೇ ಇರುತ್ತದೆ. ‘ಹಲ್ಲು ಕೀಳಿಸಿದೆ’ ಎಂದರೂ ಸರಿ, ‘ಕೀಳಿಸಿದೆ ಹಲ್ಲು’ ಎಂದರೂ ಸರಿ. ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ಪದಗಳು ನಿಂತಿರುವ ಜಾಗ.

ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಕಟಿಂಗ್ ಮಾಡಿಸಿಕೊಂಡೆ ಎಂದರ್ಥ. ‘ಐ ಹ್ಯಾಡ್ ಕಟ್ ಮೈ ಹೇರ್’ ಎಂದರೆ ಅಷ್ಟು ಹೊತ್ತಿಗಾಗಲೇ ನನ್ನ ಕೂದಲನ್ನು ನಾನೇ ಕತ್ತರಿಸಿಕೊಂಡಿದ್ದೆ ಎಂದಾಗುತ್ತದೆ. ಎರಡರಲ್ಲೂ ಇರುವುದು ಅವೇ ಐದು ಪದ. ಕೂದಲು ‘ಕಟ್’ಗಿಂತ ಮೊದಲು ಬಂದರೆ ಕತ್ತರಿ ಕ್ಷೌರಿಕನ ಕೈಯಲ್ಲಿ, ಆಮೇಲೆ ಬಂದರೆ ನನ್ನ ಕೈಯಲ್ಲಿ. ನಮ್ಮ ಹುಡುಗರು ಮೊದಲನೆಯದನ್ನು ಹೇಳಹೊರಟು ಎರಡನೆಯದನ್ನು ಬರೆಯುತ್ತಾರೆ. ಅದೂ ವ್ಯಾಕರಣಶುದ್ಧ ವಾಕ್ಯವೇ ಆದ್ದರಿಂದ ಅವಸರದಲ್ಲಿ ತಿದ್ದುವವರ ಕಣ್ಣು ತಪ್ಪಿಸಿಬಿಡುತ್ತದೆ.

ಅಭ್ಯಾಸಗಳಲ್ಲಿ ಇನ್ನೊಂದು ದೋಷವಿದೆ. ನನ್ನ ಪ್ರಕಾರ ಇದೇ ದೊಡ್ಡದು. ಪುಸ್ತಕಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಕಟ್, ಪುಲ್, ರಿಪೇರ್, ಪೇಂಟ್ ಇಂಥ ಕ್ರಿಯಾಪದಗಳನ್ನು. ಇವುಗಳ ಎರಡನೆಯ ರೂಪವೂ ಮೂರನೆಯ ರೂಪವೂ ಒಂದೇ. ‘ಗಾಟ್ ಮೈ ಫೋನ್ ರಿಪೇರ್ಡ್’ ಎಂದು ಬರೆದ ಹುಡುಗಿ ಅಲ್ಲಿ ಮೂರನೆಯ ರೂಪ ಬೇಕೆಂದು ತಿಳಿದು ಬರೆದಳೋ, ಹೋದ ವಾರದ ಸಂಗತಿ ಎಂದು ಭೂತಕಾಲ ಹಾಕಿದಳೋ, ತಿದ್ದುವವರಿಗೆ ಗೊತ್ತಾಗುವುದಿಲ್ಲ. ಅದೇ ಹುಡುಗಿಗೆ ಫೋಟೋ ತೆಗೆಸಿಕೊಂಡದ್ದನ್ನು ಬರೆಯಲು ಹೇಳಿ. ‘ಹ್ಯಾಡ್ ಮೈ ಫೋಟೋ ಟುಕ್’ ಎಂದರೆ ರೋಗ ಹೊರಬಿತ್ತು. ‘ಟೇಕನ್’ ಎಂದರೆ ವಿಷಯ ಅರ್ಥವಾಗಿದೆ.

ಪ್ರಶ್ನೆವಾಕ್ಯದಲ್ಲೂ ಇಂಥದೇ ಪರೀಕ್ಷೆ ಸಾಧ್ಯ. ಇಲ್ಲಿ ‘ಹ್ಯಾವ್’ ಸಹಾಯಕ ಕ್ರಿಯಾಪದವಲ್ಲ, ಮುಖ್ಯ ಕ್ರಿಯಾಪದ. ಆದ್ದರಿಂದ ‘ಡಿಡ್ ಯೂ ಹ್ಯಾವ್ ಯುವರ್ ಫೋನ್ ರಿಪೇರ್ಡ್?’ ಎಂದು ಕೇಳಬೇಕು. ‘ಹ್ಯಾಡ್ ಯೂ’ ಎಂದು ಶುರುಮಾಡುವವರು ಅದನ್ನು ಸಹಾಯಕವೆಂದೇ ತಿಳಿದಿದ್ದಾರೆ.

ಕೆಲಸಗಾರನನ್ನು ವಾಕ್ಯದೊಳಗೆ ತಂದಾಗ ಹ್ಯಾವ್ ಮತ್ತು ಗೆಟ್ ದಾರಿ ಬೇರೆಯಾಗುತ್ತದೆ. ‘ಹ್ಯಾಡ್ ದ ಮೆಕ್ಯಾನಿಕ್ ರಿಪೇರ್ ಇಟ್’, ಆದರೆ ‘ಗಾಟ್ ದ ಮೆಕ್ಯಾನಿಕ್ ಟು ರಿಪೇರ್ ಇಟ್’. ‘ಟು’ ಬೇಕಾಗಿರುವುದು ಗೆಟ್‌ಗೆ ಮಾತ್ರ. ಗೆಟ್‌ನಲ್ಲಿ ಹಲವು ಸಲ ಹೇಳಿ, ಒಪ್ಪಿಸಿ, ಬೆನ್ನುಹತ್ತಿ ಮಾಡಿಸಿದ ಛಾಯೆಯೂ ಇರುತ್ತದೆ. ಫೋನ್ ರಿಪೇರಿಗೆ ಕೊಟ್ಟು ನಾಲ್ಕು ಸಲ ಅಂಗಡಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಳ್ಳತನ. ‘ಐ ಹ್ಯಾಡ್ ಮೈ ಫೋನ್ ಸ್ಟೋಲನ್’ ಎಂಬುದನ್ನು ‘ಇಸು’ ಹಚ್ಚಿ ಓದಿದರೆ ನನ್ನ ಫೋನನ್ನು ನಾನೇ ಕದಿಯಿಸಿದೆ ಎಂದಾಗಿ, ಪೊಲೀಸರು ದೂರು ಕೊಟ್ಟವನನ್ನೇ ಹಿಡಿಯಬೇಕಾಗುತ್ತದೆ! ಅಲ್ಲಿ ಹೇಳುತ್ತಿರುವುದು ಫೋನ್ ಕಳವಾಯಿತು, ಪೆಟ್ಟು ನನಗೆ ಬಿತ್ತು ಎಂದಷ್ಟೇ. ನೋಮ್ ಚಾಮ್‌ಸ್ಕಿ 1965ರ ತಮ್ಮ ವಾಕ್ಯರಚನೆಯ ಗ್ರಂಥದಲ್ಲಿ ಪುಸ್ತಕ ಕಳುವಿನ ಇಂಥದೇ ಪುಟ್ಟ ವಾಕ್ಯವೊಂದನ್ನು ಎತ್ತಿಕೊಂಡು ಮೂರು ಅರ್ಥ ಬಿಡಿಸಿದರು. ನನ್ನ ಪುಸ್ತಕವನ್ನು ಯಾರೋ ಕದ್ದರು. ಕಳ್ಳನನ್ನು ಗೊತ್ತುಮಾಡಿ ಬೇರೆಯವರ ಪುಸ್ತಕ ಕದಿಯಿಸಿದೆ. ಇನ್ನೇನು ಕದ್ದೇಬಿಟ್ಟಿದ್ದೆ, ಸಿಕ್ಕಿಬಿದ್ದೆ. ರಚನೆ ಒಂದೇ ಆದರೂ ಮಾಡಿಸಿದ್ದೋ ಅನುಭವಿಸಿದ್ದೋ ಎಂಬುದನ್ನು ಸಂದರ್ಭ ಹೇಳಬೇಕು. ಸಂದರ್ಭವಿಲ್ಲದ ಬಿಡಿವಾಕ್ಯ ಕೊಟ್ಟು ತಿರುಗಿಸಿ ಬರೆಸುವ ಅಭ್ಯಾಸದಿಂದ ಈ ವ್ಯತ್ಯಾಸವನ್ನು ಕಲಿಸಲಾಗದು.

ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಕಟ್, ಪುಲ್, ರಿಪೇರ್ ಇರಲಿ. ಜೊತೆಗೆ ಟೇಕ್, ರೈಟ್, ಸ್ಟೀಲ್ ಕೂಡ ಹಾಕಿ. ಒಂದಾದರೂ ಪ್ರಶ್ನೆವಾಕ್ಯ ಬರೆಸಿ. ಕಳವಿನ ವಾಕ್ಯ ಕೊಟ್ಟಾಗ ಅದರ ಹಿಂದೆಮುಂದೆ ಎರಡು ಸಾಲು ಕಥೆ ಕೊಡಿ.