ಮನೆಗೆಲಸ ಎಂದರೆ ಯಾವ ಕೆಲಸ?

(ತಿಪಟೂರಿನಲ್ಲಿ ಎಂ.ಎಡ್. ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹೋಂವರ್ಕ್ ಕುರಿತು ನಮ್ಮಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಹೆಚ್ಚು ಕೊಡುವ ಶಾಲೆಯೇ ಒಳ್ಳೆಯ ಶಾಲೆ ಎನ್ನುವ ತಂದೆತಾಯಿಗಳಿದ್ದಾರೆ. ಅದು ಮಕ್ಕಳ ಮೇಲಿನ ದೌರ್ಜನ್ಯ ಎನ್ನುವವರೂ ಇದ್ದಾರೆ. ಕೇಂದ್ರ ಸರಕಾರದ 2020ರ ಶಾಲಾ ಬ್ಯಾಗ್ ನೀತಿಯು ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡ ಎಂದಿತು. ಒಂಬತ್ತನೇ ತರಗತಿಯಿಂದ ಮೇಲಕ್ಕೆ ದಿನಕ್ಕೆ ಎರಡು ಗಂಟೆ ಮೀರಬಾರದು ಎಂದಿತು. ಆದರೆ ತುರುವೇಕೆರೆಯ ಒಂದು ಹಳ್ಳಿಯ ಹುಡುಗಿ ಆ ಎರಡು ಗಂಟೆ ಕುಳಿತು ಬರೆದರೆ ಅವಳ ಗಣಿತ ಸುಧಾರಿಸುತ್ತದೆಯೇ? ಇದಕ್ಕೆ ನೀತಿಯಲ್ಲಿ ಉತ್ತರವಿಲ್ಲ. ಯಾರಾದರೂ ಹೋಗಿ ಅಳೆಯಬೇಕು.

ಅಳೆಯಲು ಹೊರಟ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧದ ಕರಡನ್ನು ನಮ್ಮ ಬಳಿ ತಂದಿದ್ದರು. ‘ವಿದ್ಯಾರ್ಥಿಗಳ ಸಾಧನೆಯ ಮೇಲೆ ಮನೆಗೆಲಸದ ಪರಿಣಾಮ’ ಎಂಬುದು ಶೀರ್ಷಿಕೆ. ಪ್ರಾಕ್ಕಲ್ಪನೆಯ ಜಾಗದಲ್ಲಿ ಎರಡು ವಾಕ್ಯಗಳಿದ್ದವು. ಮನೆಗೆಲಸವು ಸಾಧನೆಗೆ ಸಹಕಾರಿಯಾಗಿದೆ ಎಂಬುದು ಮೊದಲನೆಯದು. ಮುಸ್ಲಿಮ್ ಪೋಷಕರು ಮಕ್ಕಳ ಮನೆಗೆಲಸದ ಬಗ್ಗೆ ಉದಾಸೀನರಾಗಿದ್ದಾರೆ ಎಂಬುದು ಎರಡನೆಯದು. ಬರೆದವರು ನಮ್ಮದೇ ಸಮುದಾಯದ ಹೆಣ್ಣು ಮಗಳು. ಸಮುದಾಯದ ಬಗೆಗಿನ ಕಾಳಜಿಯಿಂದಲೇ ಹಾಗೆ ಬರೆದಿದ್ದರು.

ಅವರು ಸುಮಾರು ಮೂವತ್ತು ಮಕ್ಕಳಿಗೆ ಪ್ರಾಯೋಗಿಕವಾಗಿ ಪ್ರಶ್ನಾವಳಿ ಹಂಚಿದ್ದರು. ‘ದಿನಕ್ಕೆ ಎಷ್ಟು ಹೊತ್ತು ಮನೆಗೆಲಸ ಮಾಡುತ್ತೀರಿ?’ ಎಂಬುದು ಅದರ ಮೊದಲ ಪ್ರಶ್ನೆ. ಹೆಣ್ಣುಮಕ್ಕಳಲ್ಲಿ ಹಲವರು ಮೂರು ಗಂಟೆ, ನಾಲ್ಕು ಗಂಟೆ ಎಂದು ಬರೆದಿದ್ದರು. ಅವರ ಅಂಕಗಳು ಮಾತ್ರ ಕಡಿಮೆ ಇದ್ದವು. ಹೆಚ್ಚು ಮನೆಗೆಲಸ ಮಾಡಿದವರಿಗೆ ಕಡಿಮೆ ಅಂಕವೇ ಎಂದು ಅವರು ಗಾಬರಿಗೊಂಡು, ಮಕ್ಕಳನ್ನು ಕೂರಿಸಿ ಕೇಳಿದರು. ಪಾತ್ರೆ ತೊಳೆಯುವುದು, ನೀರು ತರುವುದು, ತಮ್ಮನನ್ನು ನೋಡಿಕೊಳ್ಳುವುದು, ಸುಲಿದ ಕಾಯಿಯ ಸಿಪ್ಪೆ ಒಟ್ಟುವುದು. ಮನೆಗೆಲಸವೆಂದರೆ ಆ ಮಕ್ಕಳಿಗೆ ಮನೆಯ ಕೆಲಸವೇ! ಶಾಲೆಯ ಕೆಲಸಕ್ಕೆ ಅವರು ಹೋಂವರ್ಕ್ ಎನ್ನುತ್ತಿದ್ದರು. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿ ಒಂದು ಅರ್ಥ, ಉತ್ತರಿಸಿದವರ ಮನಸ್ಸಿನಲ್ಲಿ ಇನ್ನೊಂದು. ಇದು ಬಯಲಾಗದೆ ಹೋಗಿದ್ದರೆ ಆ ಅಂಕಿಗಳು ಹಾಗೆಯೇ ಪ್ರಬಂಧದೊಳಗೆ ಸೇರುತ್ತಿದ್ದವು.

ಆದುದರಿಂದ ಸಂಶೋಧನಾ ಪ್ರಶ್ನೆಯನ್ನು ಬರೆಯುವುದೆಂದರೆ, ಪ್ರತಿಯೊಂದು ಪದಕ್ಕೂ ಅದನ್ನು ಹೇಗೆ ಎಣಿಸುತ್ತೇವೆ ಎಂಬುದನ್ನು ನಿಗದಿಪಡಿಸುವುದು ಎಂದರ್ಥ. ಮೊದಲು ಹೋಂವರ್ಕ್ ಎಂಬ ಪದವನ್ನೇ ತೆಗೆದುಕೊಳ್ಳೋಣ. ಶಿಕ್ಷಕರು ಎಷ್ಟು ಕೊಟ್ಟರು, ಮಗು ಎಷ್ಟು ಹೊತ್ತು ಕುಳಿತಿತು, ಕೊಟ್ಟದ್ದರಲ್ಲಿ ಎಷ್ಟನ್ನು ಮುಗಿಸಿತು. ಇವು ಮೂರೂ ಬೇರೆ ಬೇರೆ ಸಂಗತಿಗಳು. ಹೊತ್ತನ್ನು ಅಳತೆಗೋಲಾಗಿ ಆರಿಸಿಕೊಳ್ಳುವವರು ಎಡವುವುದು ಇಲ್ಲಿಯೇ. ಐದು ಲೆಕ್ಕಗಳನ್ನು ಒಬ್ಬ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಗಣಿತದಲ್ಲಿ ಹಿಂದುಳಿದವನು ಒಂದೂವರೆ ಗಂಟೆ ಒದ್ದಾಡುತ್ತಾನೆ. ಹೊತ್ತು ಹೆಚ್ಚಾದುದರಿಂದ ಅಂಕ ಕಡಿಮೆಯಾಗಲಿಲ್ಲ, ಕಲಿಕೆ ಹಿಂದುಳಿದುದರಿಂದ ಹೊತ್ತು ಹೆಚ್ಚಾಯಿತು. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1987ರಿಂದ 2003ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೋಂವರ್ಕ್ ಮತ್ತು ಸಾಧನೆಯ ನಡುವಿನ ನಂಟು ಏಳನೇ ತರಗತಿಯಿಂದ ಮೇಲಿನವರಲ್ಲಿ ಬಲವಾಗಿಯೂ ಕೆಳಗಿನವರಲ್ಲಿ ದುರ್ಬಲವಾಗಿಯೂ ಕಂಡುಬಂದಿತ್ತು. ಹಾಗಾಗಿ ತರಗತಿಯನ್ನು ಹೇಳದ ಪ್ರಶ್ನೆಯೂ ಅಪೂರ್ಣವೇ.

ಹಲವು ಸಂಜೆಗಳ ಚರ್ಚೆಯ ನಂತರ ಆ ವಿದ್ಯಾರ್ಥಿನಿಯ ಪ್ರಶ್ನೆ ಹೀಗೆ ರೂಪುಗೊಂಡಿತು: ‘ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲೂಕುಗಳ ಆಯ್ದ ಆರು ಪ್ರೌಢಶಾಲೆಗಳ ಒಂಬತ್ತನೇ ತರಗತಿಯಲ್ಲಿ, ಎಂಟು ವಾರಗಳ ಕಾಲ ಕೊಡಲಾದ ಗಣಿತದ ಹೋಂವರ್ಕ್‌ನಲ್ಲಿ ವಿದ್ಯಾರ್ಥಿಯು ಮುಗಿಸಿದ ಪಾಲಿಗೂ, ಕೊನೆಯಲ್ಲಿ ನಡೆಸುವ 25 ಅಂಕಗಳ ಪರೀಕ್ಷೆಯಲ್ಲಿನ ಅಂಕಕ್ಕೂ, ಆರಂಭದ ಪರೀಕ್ಷೆಯ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕ, ಸಂಬಂಧವಿದೆಯೇ?’

ವಾಕ್ಯ ಉದ್ದವಾಯಿತು, ನಿಜ. ಆದರೆ ಇದರಲ್ಲಿ ವ್ಯರ್ಥ ಪದವಿಲ್ಲ. ಆರಂಭದ ಪರೀಕ್ಷೆ ಏಕೆ? ಮೊದಲೇ ಜಾಣನಾದವನು ಹೋಂವರ್ಕನ್ನೂ ಮುಗಿಸುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಅದರ ಕೀರ್ತಿ ಹೋಂವರ್ಕ್‌ಗೆ ಸಲ್ಲಬಾರದು. ಹಳೆಯ ವಾರ್ಷಿಕ ಅಂಕಗಳು ಸಾಲವು, ಅವು ಶಾಲೆಯಿಂದ ಶಾಲೆಗೆ ಉದಾರವಾಗಿಯೋ ಬಿಗಿಯಾಗಿಯೋ ಇರುತ್ತವೆ. ‘ಪರಿಣಾಮ’ ಎಂಬ ಪದ ಹೋಗಿ ‘ಸಂಬಂಧ’ ಬಂದುದನ್ನು ಗಮನಿಸಿರಿ. ಯಾರಿಗೆ ಎಷ್ಟು ಹೋಂವರ್ಕ್ ಎಂದು ಚೀಟಿ ಎತ್ತಿ ನಿರ್ಧರಿಸದ ಹೊರತು ಪರಿಣಾಮ ಎನ್ನುವ ಅಧಿಕಾರ ನಮಗಿಲ್ಲ.

ಇನ್ನು ಪ್ರಾಕ್ಕಲ್ಪನೆ. ಯಾವ ಫಲಿತಾಂಶ ಬಂದರೆ ತಾನು ಸೋತೆ ಎಂದು ಮೊದಲೇ ಹೇಳಬಲ್ಲ ವಾಕ್ಯವೇ ಪರೀಕ್ಷಿಸಬಹುದಾದ ಪ್ರಾಕ್ಕಲ್ಪನೆ. ‘ಸಹಕಾರಿಯಾಗಿದೆ’ ಎಂಬುದು ಎಂದಿಗೂ ಸೋಲದು. ಅಂಕ ಬಾರದಿದ್ದರೆ ಶಿಸ್ತು ಬಂತು ಎನ್ನಬಹುದು. ಅದರ ಬದಲು ಹೀಗೆ ಬರೆಯಲಾಯಿತು: ಒಂದೇ ತರಗತಿಯ, ಆರಂಭದ ಅಂಕ ಸಮನಾಗಿರುವ ಮಕ್ಕಳಲ್ಲಿ, ಹೆಚ್ಚು ಪಾಲು ಮುಗಿಸಿದವರು ಕೊನೆಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುತ್ತಾರೆ. ಅಂತಹ ಸಂಬಂಧವಿಲ್ಲ ಎಂಬುದು ಇದರ ಶೂನ್ಯ ಪ್ರಾಕ್ಕಲ್ಪನೆ. ‘ಒಂದೇ ತರಗತಿಯ’ ಎಂದುದಕ್ಕೆ ಕಾರಣವಿದೆ. ಒಬ್ಬ ಒಳ್ಳೆಯ ಶಿಕ್ಷಕರ ತರಗತಿಯಲ್ಲಿ ಹೋಂವರ್ಕೂ ಅಂಕವೂ ಒಟ್ಟಿಗೆ ಏರಿರುತ್ತವೆ. ಶಾಲೆಗಳನ್ನು ಬೆರೆಸಿದರೆ ನಾವು ಶಿಕ್ಷಕರನ್ನು ಅಳೆದು ಹೋಂವರ್ಕ್ ಅಳೆದೆವು ಎಂದುಕೊಳ್ಳುತ್ತೇವೆ.

ಪೋಷಕರ ಉದಾಸೀನದ ವಾಕ್ಯವನ್ನು ಏನು ಮಾಡುವುದು? ಅದು ತೀರ್ಪು, ಪ್ರಾಕ್ಕಲ್ಪನೆಯಲ್ಲ. ಉದಾಸೀನವನ್ನು ಅಳೆಯಲು ಅವರ ಬಳಿ ಯಾವ ಸಾಧನವೂ ಇರಲಿಲ್ಲ, ಹೋಲಿಸಲು ಬೇರೆ ಪೋಷಕರೂ ಇರಲಿಲ್ಲ. ನಮ್ಮ ಸಮುದಾಯದ ಮೇಲೆ ಹೊರಗಿನವರು ಹೊರಿಸಿದ ಇಂತಹ ಮಾತುಗಳನ್ನು ನಾವೇ ಪರೀಕ್ಷಿಸದೆ ಪುನರುಚ್ಚರಿಸುವುದುಂಟು. ಆದರೆ ಆ ಮೂವತ್ತು ಹಾಳೆಗಳಲ್ಲಿ ಒಂದು ಸುಳಿವಿತ್ತಲ್ಲವೇ? ಮಕ್ಕಳ ಕೈಯಲ್ಲಿ ಹೊತ್ತೇ ಇರಲಿಲ್ಲ. ಅದರಿಂದ ಎರಡನೇ ಪ್ರಾಕ್ಕಲ್ಪನೆ ಹುಟ್ಟಿತು: ಮನೆ, ತೋಟ ಮತ್ತು ಕೊಬ್ಬರಿಯ ಕೆಲಸದಲ್ಲಿ ದಿನಕ್ಕೆ ಎರಡು ಗಂಟೆ ಅಥವಾ ಹೆಚ್ಚು ತೊಡಗುವ ಮಕ್ಕಳು, ಉಳಿದವರಿಗಿಂತ ಹೋಂವರ್ಕ್‌ನ ಕಡಿಮೆ ಪಾಲನ್ನು ಮುಗಿಸುತ್ತಾರೆ. ಎರಡು ಗುಂಪುಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಇದು ಬಿದ್ದುಹೋಗುತ್ತದೆ. ಹೆಸರಿನ ಮೇಲಿಂದ ಮಕ್ಕಳನ್ನು ವಿಂಗಡಿಸುವ ಅಗತ್ಯ ಇದರಲ್ಲಿ ಬರುವುದಿಲ್ಲ. ಎಲ್ಲ ಸಮುದಾಯದ ಮಕ್ಕಳೂ ಕಾಯಿ ಹೊರುತ್ತಾರೆ.

ಸಂಖ್ಯೆಯ ಬಗ್ಗೆ ಒಂದು ಮಾತು. ಸಹಸಂಬಂಧ 0.2ರಷ್ಟು ಸಣ್ಣದಿದ್ದರೆ, ಐದರಲ್ಲಿ ನಾಲ್ಕು ಬಾರಿಯಾದರೂ ಅದು ಕೈಗೆ ಸಿಗಲು ಸುಮಾರು 200 ಮಕ್ಕಳು ಬೇಕು. ಅರುವತ್ತು ಮಕ್ಕಳನ್ನು ನೋಡಿ ಸಂಬಂಧವಿಲ್ಲ ಎಂದು ಘೋಷಿಸುವವರು, ಇಲ್ಲ ಎಂಬುದನ್ನೂ ಕಾಣಲಿಲ್ಲ ಎಂಬುದನ್ನೂ ಒಂದಾಗಿಸುತ್ತಾರೆ. ಹಾಗೆಯೇ ಪ್ರಾಕ್ಕಲ್ಪನೆಗಳನ್ನು ಅಂಕ ನೋಡುವ ಮೊದಲೇ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರ ಸಹಿ ಪಡೆಯಿರಿ. ಗಂಡು, ಹೆಣ್ಣು, ಮಾಧ್ಯಮ, ತಾಲೂಕು ಎಂದು ಇಪ್ಪತ್ತು ಹೋಲಿಕೆಗಳನ್ನು ಮಾಡುತ್ತ ಹೋದರೆ, ನಿಜದಲ್ಲಿ ಏನೂ ಇಲ್ಲದಿದ್ದರೂ 0.05ರ ಮಟ್ಟದಲ್ಲಿ ಸರಾಸರಿ ಒಂದು ‘ಮಹತ್ವದ್ದು’ ಎಂದು ಹೊರಬರುತ್ತದೆ. ಪ್ರಬಂಧದ ಮುಖ್ಯ ಶೋಧನೆಯಾಗಿ ಮೆರೆಯುವುದು ಸಾಮಾನ್ಯವಾಗಿ ಅದುವೇ!

ಇಷ್ಟಾದರೂ ಒಂದು ತೊಡಕು ಉಳಿದಿದೆ. ಮುಗಿಸಿದ ಪಾಲನ್ನು ಎಣಿಸುವಾಗ ಗೆಳೆಯನ ಪುಸ್ತಕದಿಂದಲೋ ಗೈಡಿನಿಂದಲೋ ನಕಲು ಮಾಡಿದ್ದೂ ಮುಗಿಸಿದ್ದೇ ಆಗುತ್ತದೆ. ಇಡೀ ತರಗತಿ ಶೇ. 95 ಮುಗಿಸಿದೆ ಎಂದಾದರೆ, ಐದಾರು ಪುಸ್ತಕಗಳಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿ ಕಂಡರೆ, ಆ ಅಂಕಿಯನ್ನು ನಂಬಬೇಡಿ. ಆ ವಿದ್ಯಾರ್ಥಿನಿ ಈಗ ವಾರಕ್ಕೊಮ್ಮೆ, ಮುಗಿಸಿದ ಲೆಕ್ಕಗಳಲ್ಲಿ ಒಂದನ್ನು ಅಂಕಿ ಬದಲಿಸಿ ತರಗತಿಯಲ್ಲಿಯೇ ಮಾಡಿಸುತ್ತಿದ್ದಾರೆ. ಮನೆಯಲ್ಲಿ ಸರಿಯಾಗಿ ಬರೆದು ಇಲ್ಲಿ ಕೈ ಕಟ್ಟಿ ಕೂರುವ ಮಕ್ಕಳ ಪಟ್ಟಿಯನ್ನು ಬೇರೆಯಾಗಿ ಇಟ್ಟಿದ್ದಾರೆ. ಆ ಪಟ್ಟಿಯ ಉದ್ದ ನೋಡಿದ ಮೇಲೆ, ಅಂತಿಮ ಲೆಕ್ಕದಲ್ಲಿ ಅವರನ್ನು ಹೇಗೆ ಎಣಿಸಬೇಕೆಂಬುದನ್ನು ಕೊನೆಯ ಪರೀಕ್ಷೆಗೆ ಮುಂಚೆಯೇ ಬರೆದಿಡಲು ಹೇಳಿದ್ದೇವೆ.