ಗ್ರೂಪಲ್ಲಿ ಸೀನಿಯರ್ ತಪ್ಪು ತಾರೀಖು ಹಾಕಿದ್ರೆ?

ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಇರೋ ಎಲ್ಲರಿಗೂ ಗೊತ್ತಿರೋ ಒಂದು ಸಂಕಟದ ಬಗ್ಗೆ ಇವತ್ತು ಮಾತಾಡೋಣ.

ಒಂದು ಅಕೌಂಟ್ಸ್ ಆಫೀಸು ಅಂದ್ಕೊಳ್ಳಿ. ಗ್ರೂಪಲ್ಲಿ ಇಪ್ಪತ್ತು ಜನ. 10ನೇ ತಾರೀಖು ಬೆಳಿಗ್ಗೆ 10:20ಕ್ಕೆ ಸೀನಿಯರ್ ಬರೀತಾರೆ: "ಮಂತ್ಲಿ ಕ್ಲೈಂಟ್‌ಗಳ ಜಿಎಸ್‌ಟಿಆರ್-1ಗೆ 20ರ ತನಕ ಟೈಮಿದೆ, ಆರಾಮಾಗಿ ಮಾಡಿ." ಕೆಳಗೆ ಸಾಲಾಗಿ ಥಂಬ್ಸ್ ಅಪ್. ಆದ್ರೆ 20 ಅನ್ನೋದು ಜಿಎಸ್‌ಟಿಆರ್-3ಬಿ ತಾರೀಖು. ಜಿಎಸ್‌ಟಿಆರ್-1ಗೆ ಕೊನೇ ದಿನ 11, ಅಂದ್ರೆ ನಾಳೆ. ತಪ್ಪಿದ್ರೆ ಲೇಟ್ ಫೀ ಅಷ್ಟೇ ಅಲ್ಲ, 14ಕ್ಕೆ ತಯಾರಾಗೋ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲುಗಳು ಬರೋದಿಲ್ಲ. ಕ್ಲೈಂಟ್ ಹತ್ರ ಮಾಲು ಕೊಂಡವರಿಗೆ ಆ ತಿಂಗಳು ಅದರ ಕ್ರೆಡಿಟ್ ಸಿಗಲ್ಲ. ಹಾಗಾಗಿ ಸುಮ್ಮನೆ ಇರೋಕಾಗಲ್ಲ.

ಮೊದಲು ನೀವೇ ಸರಿನಾ ನೋಡ್ಕೊಳ್ಳಿ. ಸರ್ಕಾರ ಕೆಲವು ಸಲ ತಾರೀಖು ಮುಂದೂಡುತ್ತೆ, ಪೋರ್ಟಲ್‌ನಲ್ಲಿ ಒಂದ್ಸಲ ಕಣ್ಣಾಡಿಸಿ. ಆಮೇಲೆ ಆ ಮೆಸೇಜ್ ಒತ್ತಿ ಹಿಡಿದು, ಮೆನುವಿನಲ್ಲಿ 'ರಿಪ್ಲೈ ಪ್ರೈವೇಟ್ಲಿ' ಆರಿಸಿ. ಅವರ ಮಾತೂ ಜೊತೆಗೇ ಹೋಗೋದ್ರಿಂದ ಯಾವುದರ ಬಗ್ಗೆ ಅಂತ ವಿವರಿಸಬೇಕಿಲ್ಲ. "ಸರ್, ಇದು 3ಬಿ ತಾರೀಖು ಅನ್ಸುತ್ತೆ. ಆರ್-1 ನಾಳೆ 11ಕ್ಕೇ ಇದೆ, ಪೋರ್ಟಲ್ ನೋಡ್ದೆ. ಗ್ರೂಪಲ್ಲಿ ನೀವೇ ಒಂದು ಮಾತು ಹಾಕ್ತೀರಾ?" ಇಷ್ಟು ಸಾಕು.

ಇದನ್ನ ಬೇಗ ಕಳಿಸಬೇಕು. ವಾಟ್ಸಾಪ್‌ನಲ್ಲಿ ಎಡಿಟ್ ಮಾಡೋಕೆ ಇರೋದು 15 ನಿಮಿಷ, ಅಂದ್ರೆ 10:35ರ ತನಕ. ಆದ್ರೆ ಇಲ್ಲೊಂದು ತೊಡಕಿದೆ. ಎಡಿಟ್ ಮಾಡಿದ್ರೆ ಯಾರಿಗೂ ಹೊಸದಾಗಿ ನೋಟಿಫಿಕೇಶನ್ ಹೋಗಲ್ಲ. ಆಗಲೇ ಓದಿ ಥಂಬ್ಸ್ ಅಪ್ ಹಾಕಿದವರ ತಲೆಯಲ್ಲಿ 20 ಅಂತಲೇ ಕೂತಿರುತ್ತೆ. ಅದಕ್ಕೇ ಅವರೇ ಇನ್ನೊಂದು ಸಾಲು ಹಾಕೋ ಹಾಗೆ ಕೇಳೋದು.

ಅವರು ನೋಡ್ಲಿಲ್ಲ ಅಂದ್ರೆ ಫೋನ್ ಮಾಡಿ. ಮೀಟಿಂಗಲ್ಲಿದ್ದು ಎತ್ತಲಿಲ್ಲ, ಮಧ್ಯಾಹ್ನ ಆಯ್ತು ಅಂದ್ರೆ ಇನ್ನು ಕಾಯೋ ಹಾಗಿಲ್ಲ, ಗ್ರೂಪಲ್ಲೇ ಬರೀಬೇಕು. ಆಗ ಅವರ ಮೆಸೇಜಿಗೆ ರಿಪ್ಲೈ ಮಾಡಬೇಡಿ, ಹೊಸ ಮೆಸೇಜಾಗಿ ಹಾಕಿ: "ಮಂತ್ಲಿ ಕ್ಲೈಂಟ್‌ಗಳು: ಆರ್-1 ನಾಳೆ 11ಕ್ಕೆ, 3ಬಿ 20ಕ್ಕೆ. ಆರ್-1 ಇವತ್ತೇ ಶುರು ಮಾಡೋಣ." ಇದ್ರಲ್ಲಿ ತಾರೀಖಿದೆ, ಕೆಲಸ ಇದೆ, ಯಾರು ತಪ್ಪಿದ್ರು ಅನ್ನೋದಿಲ್ಲ. ಹೀಗೆ ಹಾಕಿದ್ದೀನಿ ಅಂತ ಸೀನಿಯರ್‌ಗೂ ಬೇರೆಯಾಗಿ ತಿಳಿಸಿ. ಫೋನ್ ತೆಗೆದಾಗ ಅವರಿಗೆ ಮೊದಲು ನಿಮ್ಮಿಂದಲೇ ಗೊತ್ತಾಗ್ಲಿ.

ಗ್ರೂಪಲ್ಲಿ "ಸರ್, 11 ಅಲ್ವಾ?" ಅಂತ ಮುಗ್ಧವಾಗಿ ಕೇಳೋದು ವಿನಯ ಅಂತ ಕೆಲವರ ಲೆಕ್ಕ. ನನಗೆ ಹಾಗನ್ಸಲ್ಲ. ಇಪ್ಪತ್ತು ಜನರ ಮುಂದೆ ಅವರು ಉತ್ತರ ಕೊಡಬೇಕಾಗುತ್ತೆ, ಅಲ್ಲೀತನಕ ತಾರೀಖು ಯಾವುದು ಅಂತ ಯಾರಿಗೂ ಖಾತ್ರಿ ಇರಲ್ಲ.

ಇನ್ನು ಅವರು "11, ಕರೆಕ್ಷನ್" ಅಂತ ಹಾಕಿದ್ಮೇಲೆ ಕೆಳಗೆ ನಗೋ ಎಮೋಜಿ ಹಾಕೋಕೆ ಹೋಗ್ಬೇಡಿ. ಎಲ್ಲರ ಹಾಗೆ "ಓಕೆ ಸರ್" ಅಂತ ಹಾಕಿ, ಫೈಲಿಂಗ್ ಶುರು ಮಾಡಿ.